ಫೋಟೊದೊಳಗಿನ ಅಂಕಿ: ೫ ಇದ್ದಲ್ಲಿ ೫, 5 ಇದ್ದಲ್ಲಿ 5

ಸಂಕೇಶ್ವರದಿಂದ ಹುಕ್ಕೇರಿ ದಾಟಿ, ಘಟಪ್ರಭಾ, ಗೋಕಾಕ ಮುಟ್ಟಿ ಮೂಡಲಗಿಗೆ ಹೋಗುವವರ ಕಣ್ಣಿಗೆ ಒಂದೇ ದಿನದಲ್ಲಿ ಮೂರು ಬಗೆಯ ಅಂಕಿಗಳು ಬೀಳುತ್ತವೆ. ಹೆದ್ದಾರಿಯ ಹಸಿರು ಫಲಕದಲ್ಲಿ ಊರಿನ ಹೆಸರು ಕನ್ನಡದಲ್ಲಿದ್ದರೂ ಕಿಲೋಮೀಟರು 1, 2, 3 ಎಂದೇ ಇರುತ್ತದೆ. ಗುಡಿಯ ಗೋಡೆಗೆ ಹಚ್ಚಿದ ದೇಣಿಗೆದಾರರ ಕಲ್ಲಿನಲ್ಲಿ ‘ರೂ. ೫೦೧/-’ ಎಂದಿರುತ್ತದೆ. ಗಡಹಿಂಗ್ಲಜ ಕಡೆಯ ಹಳ್ಳಿಗಳಲ್ಲಿ ಹಳೆಯ ಮರಾಠಿ ಬೋರ್ಡು ಉಳಿದಿದ್ದರೆ ಅಲ್ಲಿ ನಾಗರಿಯ १, २, ३ ಕೂಡ ಸಿಗುತ್ತದೆ. ಊರಿನ ಚರಿತ್ರೆ ಬರೆಯಲು ಹೊರಟ ಮಾಸ್ತರರು, ಮನೆಯ ಹಳೆಯ ಉತಾರಗಳನ್ನು ಫೋಟೊ ತೆಗೆದು ಟೈಪ್ ಮಾಡಿಕೊಳ್ಳುವವರು, ಹಳೆಯ ಪುಸ್ತಕದ ಪುಟಗಳನ್ನು ವಿಕಿಸೋರ್ಸ್‌ಗೆ ಏರಿಸುವ ಹುಡುಗರು, ಎಲ್ಲರೂ ಈ ಅಂಕಿಗಳನ್ನು ಪಠ್ಯಕ್ಕೆ ಇಳಿಸಬೇಕಾಗುತ್ತದೆ. ಹೆಚ್ಚಿನವರು ಅಕ್ಷರಗಳನ್ನು ಇದ್ದಂತೆಯೇ ಇಳಿಸುತ್ತಾರೆ. ಅಂಕಿ ಬಂದಾಗ ಮಾತ್ರ ಕೈಗೆ ಸುಲಭವಾದ 1, 2, 3 ಒತ್ತಿ ಮುಂದೆ ಹೋಗುತ್ತಾರೆ. ಬೆಲೆ ಒಂದೇ ಅಲ್ಲವೇ, ೫ ಆದರೇನು, 5 ಆದರೇನು ಎಂಬ ಭಾವನೆ ಇದಕ್ಕೆ ಕಾರಣ.

ಬೆಲೆ ಒಂದೇ ಎಂಬುದು ನಿಜ. ಆದರೆ ಫೋಟೊದ ನಕಲು ಬೆಲೆಗಿಂತ ಹೆಚ್ಚಿನದನ್ನು ಹೇಳಬೇಕು. ಒಂದು ಹಳೆಯ ಉತಾರವನ್ನು ನೆನೆಸಿಕೊಳ್ಳಿ. ಮೊದಲು ಬರೆದ ತಲಾಠಿ ಕಪ್ಪು ಶಾಯಿಯಲ್ಲಿ ಕನ್ನಡ ಅಂಕಿ ಹಾಕಿದ್ದಾನೆ. ವರ್ಷಗಳ ನಂತರ ಯಾರೋ ಅದೇ ಹಾಳೆಯ ಕೆಳಗೆ ಬಾಲ್‌ಪೆನ್ನಿನಲ್ಲಿ ಇಂಗ್ಲಿಷ್ ಅಂಕಿಯಲ್ಲಿ ಒಂದು ಟಿಪ್ಪಣಿ ಸೇರಿಸಿದ್ದಾರೆ. ಟೈಪ್ ಮಾಡುವಾಗ ಎಲ್ಲವನ್ನೂ ಒಂದೇ ಅಂಕಿಗೆ ತಂದುಬಿಟ್ಟರೆ, ಆ ಹಾಳೆಯ ಮೇಲೆ ಎರಡು ಕೈ ಆಡಿವೆ ಎಂಬ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಫಲಕಗಳದೂ ಇದೇ ಕತೆ. ಮೂಡಲಗಿ ಈಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾಯಿತು. ಅಲ್ಲಿನ ಹಳ್ಳಿಗಳ ಹಳೆಯ ಬೋರ್ಡುಗಳಲ್ಲಿ ‘ತಾ. ಗೋಕಾಕ’ ಎಂದಿದ್ದುದನ್ನು ‘ತಾ. ಮೂಡಲಗಿ’ ಎಂದು ತಿದ್ದಬೇಕಾಯಿತು. ಹೆಸರಷ್ಟೇ ಹೊಸ ಬಣ್ಣದಲ್ಲಿದ್ದು ಇಸವಿ ಹಳೆಯ ಬಣ್ಣದ ಕನ್ನಡ ಅಂಕಿಯಲ್ಲಿ ಉಳಿದಿದ್ದರೆ, ಬೋರ್ಡಿನ ವಯಸ್ಸು ತಿಳಿಯಲು ಆ ಅಂಕಿಯೇ ದಾರಿ. ಆದ್ದರಿಂದ ನಾನು ಪಾಲಿಸುವ ನಿಯಮ ಒಂದೇ: ಫೋಟೊದಲ್ಲಿ ಯಾವ ಲಿಪಿಯ ಅಂಕಿ ಇದೆಯೋ ನಕಲಿನಲ್ಲೂ ಅದೇ. ಲೆಕ್ಕಕ್ಕೆ, ಹುಡುಕಾಟಕ್ಕೆ ಬೇಕಾದ ಬೆಲೆಯನ್ನು ಪಕ್ಕದ ಕಂಬಸಾಲಿನಲ್ಲಿ ಬೇರೆಯಾಗಿ ಬರೆಯಬೇಕು.

ಎಲ್ಲಿ ಯಾವ ಅಂಕಿ ಬರುತ್ತದೆ ಎಂಬುದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ಅದನ್ನು ತಿಳಿದಿದ್ದರೆ ಮಸುಕಾದ ಫೋಟೊ ಓದುವುದು ಸುಲಭ. ಕೇಂದ್ರ ಸರ್ಕಾರದ ಅಧಿಕೃತ ಬಳಕೆಗೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಇರಬೇಕು ಎಂದು ಸಂವಿಧಾನದ 343ನೇ ವಿಧಿ ಹೇಳುತ್ತದೆ. ಈ ರೂಪವೆಂದರೆ ನಾವು ಇಂಗ್ಲಿಷ್ ಅಂಕಿ ಎನ್ನುವ 1, 2, 3. ಹಾಗಾಗಿ ಘಟಪ್ರಭಾ ರೈಲು ನಿಲ್ದಾಣದ ಹಳದಿ ಬೋರ್ಡಿನಲ್ಲಿ ಊರಿನ ಹೆಸರು ಕನ್ನಡದಲ್ಲಿದ್ದರೂ ಸಮುದ್ರ ಮಟ್ಟದ ಎತ್ತರವನ್ನು ಕನ್ನಡ ಅಂಕಿಯಲ್ಲಿ ನಿರೀಕ್ಷಿಸುವಂತಿಲ್ಲ. ವಾಹನದ ನಂಬರ್ ಪ್ಲೇಟು ಕೂಡ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮದಂತೆ ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿಯಲ್ಲಿರಬೇಕು. ಆದರೆ ನಮ್ಮ ಸಾರಿಗೆ ಸಂಸ್ಥೆಯ ಬಸ್ಸುಗಳು ಅದರ ಜೊತೆಗೆ ಕನ್ನಡದಲ್ಲೂ ನಂಬರು ಬರೆದುಕೊಳ್ಳುವುದುಂಟು: ಒಂದು ಕಡೆ KA 23 F, ಇನ್ನೊಂದು ಕಡೆ ಕೆಎ ೨೩ ಎಫ್. ಕನ್ನಡ ಅಂಕಿ ಅಷ್ಟಾಗಿ ರೂಢಿಯಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಗೋಕಾಕದ್ದೋ ಹುಕ್ಕೇರಿಯದ್ದೋ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತು ಒಂದೇ ನಂಬರಿನ ಎರಡೂ ರೂಪಗಳನ್ನು ಹೋಲಿಸಿ ನೋಡಿದರೆ ಹತ್ತೂ ಅಂಕಿಗಳ ಆಕಾರ ಕಣ್ಣಿಗೆ ಪಳಗುತ್ತದೆ. ಆ ಬಸ್ಸಿನ ಫೋಟೊವನ್ನು ಪಠ್ಯಕ್ಕೆ ಇಳಿಸುವಾಗಲೂ ಎರಡು ಸಾಲು ಎರಡು ರೂಪದಲ್ಲೇ ಇರಬೇಕು, ಒಂದನ್ನು ನೋಡಿ ಇನ್ನೊಂದನ್ನು ಬಿಡಬಾರದು.

ಇನ್ನು ಓದುವ ಕೆಲಸ. ಅಕ್ಷರ ತಪ್ಪಾಗಿ ಓದಿದರೆ ಪದ ಕೆಡುತ್ತದೆ, ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ‘ಗೋಕಾಕ’ ಎಂಬುದು ‘ಗೋಕಾತ’ ಆದರೆ ಯಾರಾದರೂ ಹಿಡಿಯುತ್ತಾರೆ. ೬೦೧ ಎಂಬುದು ೯೦೧ ಆದರೆ ಹಿಡಿಯುವವರಿಲ್ಲ, ಎರಡೂ ಸರಿಯಾದ ಸಂಖ್ಯೆಗಳೇ. ಫೋಟೊದಿಂದ ಪಠ್ಯ ಎತ್ತುವ ತಂತ್ರಾಂಶಗಳು ಅಂಕಿಯಲ್ಲಿ ಹೆಚ್ಚು ಎಡವುವುದೂ ಇದೇ ಕಾರಣಕ್ಕೆ. ಪದಗಳಿಗೆ ಭಾಷೆಯ ಆಸರೆ ಇದೆ, ಅಂಕಿಗಳಿಗೆ ಇಲ್ಲ. ಗೂಗಲ್ ಲೆನ್ಸ್ ಆಗಲಿ, ಟೆಸರಾಕ್ಟ್ ಆಗಲಿ ಕೊಟ್ಟ ಪಠ್ಯವನ್ನು ಕರಡೆಂದು ತಿಳಿದು, ಅದರಲ್ಲಿನ ಒಂದೊಂದು ಅಂಕಿಯನ್ನೂ ಫೋಟೊ ಮುಂದಿಟ್ಟುಕೊಂಡು ಕಣ್ಣಿನಿಂದಲೇ ಪರಿಶೀಲಿಸಬೇಕು.

ಕನ್ನಡ ಅಂಕಿಗಳಲ್ಲಿ ಕೆಡುವ ಜೋಡಿಗಳು ಕೆಲವೇ. ೦ ಮುಚ್ಚಿದ ಸುತ್ತು, ೧ ಕೆಳಗೆ ಬಾಯಿ ತೆರೆದ ಸುತ್ತು. ಬಣ್ಣ ಹರಡಿದರೆ ೧ರ ಬಾಯಿ ಮುಚ್ಚಿಕೊಳ್ಳುತ್ತದೆ, ಬಣ್ಣ ಉದುರಿದರೆ ೦ಗೆ ಬಾಯಿ ಬರುತ್ತದೆ. ೨ಕ್ಕಿಂತ ೩ರಲ್ಲಿ ಕೆಳಗೆ ಒಂದು ತಿರುವು ಹೆಚ್ಚು. ೪ಕ್ಕೆ ಬಲಗಡೆ ಒಂದು ಕೊಂಡಿ ಸೇರಿದಂತೆ ೫ ಕಾಣುತ್ತದೆ. ೬ ಮತ್ತು ೯ ಎರಡೂ ಬಲಕ್ಕೆ ತೆರೆದುಕೊಂಡವು, ಬಾಲ ಸಾಗುವ ರೀತಿಯಲ್ಲಷ್ಟೇ ವ್ಯತ್ಯಾಸ. ಕೈಬರಹದಲ್ಲಿ ತುಂಬ ತೊಂದರೆ ಕೊಡುವ ಜೋಡಿ ಇದು. ಲಿಪಿಗಳ ನಡುವೆಯೂ ಗೊಂದಲವಿದೆ: ಅವಸರದಲ್ಲಿ ಬರೆದ ೨ ಇಂಗ್ಲಿಷಿನ 2ರಂತೆ ಕಾಣುತ್ತದೆ, ನಾಗರಿಯ १ ಇಂಗ್ಲಿಷಿನ 9ರಂತೆ ಕಾಣುತ್ತದೆ. ಸಂಶಯ ಬಂದಾಗ ಅಚ್ಚಿನ ಪುಸ್ತಕದ ಅಂಕಿಯೊಡನೆ ಹೋಲಿಸಿ ಪ್ರಯೋಜನವಿಲ್ಲ. ಅದೇ ಹಾಳೆಯಲ್ಲಿ, ಅದೇ ಕೈಯಲ್ಲಿ, ಖಚಿತವಾಗಿ ಗೊತ್ತಿರುವ ಅದೇ ಅಂಕಿಯನ್ನು ಹುಡುಕಬೇಕು. ಉದಾಹರಣೆಗೆ ಪ್ರತಿ ಸಾಲಿನ ಆರಂಭದಲ್ಲಿ ೧, ೨, ೩ ಎಂದು ಅನುಕ್ರಮ ಸಂಖ್ಯೆ ಇದ್ದರೆ, ಆರನೆಯ ಮತ್ತು ಒಂಬತ್ತನೆಯ ಸಾಲಿನ ಸಂಖ್ಯೆಗಳನ್ನು ನೋಡಿ. ಆ ಬರಹಗಾರ ೬ನ್ನೂ ೯ನ್ನೂ ಹೇಗೆ ಬರೆಯುತ್ತಿದ್ದ ಎಂಬುದು ಅಲ್ಲೇ ಸಿಗುತ್ತದೆ.

ಗುಡಿಯ ದೇಣಿಗೆ ಕಲ್ಲುಗಳಲ್ಲಿ ಇನ್ನೊಂದು ಆಸರೆ ಇದೆ. ದೇಣಿಗೆ ಕೊಡುವವರು ೫೦೧, ೧೦೦೧, ೫೦೦೧ ಎಂದು ಒಂದು ರೂಪಾಯಿ ಸೇರಿಸಿ ಕೊಡುವುದು ವಾಡಿಕೆ. ಕೊನೆಯ ಅಂಕಿ ೦ ಎಂದು ಓದಿದಿರಾದರೆ ಇನ್ನೊಮ್ಮೆ ಹತ್ತಿರದ ಫೋಟೊ ನೋಡಿ, ಮುಚ್ಚಿಹೋದ ೧ ಇರಬಹುದು. ನೋಡಿದ ಮೇಲೂ ೦ ಎಂದೇ ಕಂಡರೆ ೦ ಎಂದೇ ಬರೆಯಿರಿ. ಎಲ್ಲರೂ ಒಂದು ಸೇರಿಸಿ ಕೊಡುತ್ತಿದ್ದರು ಎಂಬ ಕಾರಣಕ್ಕೆ ಕಲ್ಲನ್ನು ತಿದ್ದುವ ಹಕ್ಕು ನಕಲು ಮಾಡುವವರಿಗಿಲ್ಲ. ಹಾಗೆಯೇ ‘ರೂ.’ ನಂತರದ ಚುಕ್ಕಿ, ‘/-’ ಗುರುತು, ‘೧,೦೦,೦೦೧’ರಲ್ಲಿನ ಅಲ್ಪವಿರಾಮ ಇವೆಲ್ಲ ಇದ್ದಂತೆಯೇ ಬರಲಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸೊನ್ನೆಯ ವಿಷಯದಲ್ಲಿ. ಗೋಡೆಯ ಮೇಲೆ ಒಂದು ಸುತ್ತು ಎಂದರೆ ಒಂದು ಸುತ್ತು, ಅಷ್ಟೇ. ಕಂಪ್ಯೂಟರಿನಲ್ಲಿ ಹಾಗಲ್ಲ. ಕನ್ನಡದ ಸೊನ್ನೆ ೦ ಎಂಬುದು U+0CE6. ‘ಅಂ’ ಎಂಬಲ್ಲಿ ಬರುವ ಅನುಸ್ವಾರ ಬೇರೆ, ಅದು U+0C82. ಇಂಗ್ಲಿಷಿನ ಸೊನ್ನೆ 0 ಎಂಬುದು U+0030. ಇವುಗಳ ಜೊತೆಗೆ ಇಂಗ್ಲಿಷಿನ o ಅಕ್ಷರವಿದೆ. ತೆಲುಗಿನ ಸೊನ್ನೆ U+0C66 ಅಂತೂ ಕನ್ನಡದ ಸೊನ್ನೆಯಿಂದ ಕಣ್ಣಿಗೆ ಬೇರೆಯಾಗಿ ಕಾಣುವುದೇ ಇಲ್ಲ. ಕನ್ನಡ ಸೊನ್ನೆ ಕೀಲಿಮಣೆಯಲ್ಲಿ ಸಿಗದವರು ಅನುಸ್ವಾರ ಒತ್ತಿ ೧ಂ ಎಂದು ಬರೆಯುತ್ತಾರೆ. ಪರದೆಯ ಮೇಲೆ ಅದು ಹತ್ತರಂತೆ ಕಾಣುತ್ತದೆ, ಮುದ್ರಣದಲ್ಲೂ ಕಾಣುತ್ತದೆ. ಆದರೆ ಮುಂದೆ ಯಾರಾದರೂ ೧೦ ಎಂದು ಹುಡುಕಿದಾಗ ಆ ಸಾಲು ಸಿಗುವುದಿಲ್ಲ, ಬೆಲೆಗೆ ಪರಿವರ್ತಿಸಿದಾಗ ಹತ್ತರ ಜಾಗದಲ್ಲಿ 1ಂ ಉಳಿಯುತ್ತದೆ. ನಾನು ನೋಡಿದ ನಕಲುಗಳಲ್ಲಿ ಪದೇ ಪದೇ ಸಿಗುವ ತಪ್ಪು ಇದು. ಸಿಗುವುದು ಕೂಡ ತಡವಾಗಿ, ಲೆಕ್ಕ ಕೂಡಿಸುವಾಗ.

ಫೋಟೊದಲ್ಲಿನ ಸುತ್ತು ೦ ಎಂದು ತೆಗೆದುಕೊಳ್ಳಬೇಕೋ 0 ಎಂದೋ? ಅಕ್ಕಪಕ್ಕದ ಅಂಕಿಗಳನ್ನು ನೋಡಿ ತೀರ್ಮಾನಿಸುವುದೇ ದಾರಿ. ೫ ಮತ್ತು ೧ರ ನಡುವಿನ ಸುತ್ತು ೦. 5 ಮತ್ತು 1ರ ನಡುವಿನದು 0. ಅಚ್ಚಿನಲ್ಲಿ ಕನ್ನಡದ ಸೊನ್ನೆ ದುಂಡಗೆ, ಇಂಗ್ಲಿಷಿನದು ಉದ್ದಕ್ಕೆ ಇರುವುದರಿಂದ ಆಕಾರವೂ ನೆರವಿಗೆ ಬರುತ್ತದೆ, ಆದರೆ ಕುಂಚದಲ್ಲಿ ಬರೆದ ಬೋರ್ಡಿನಲ್ಲಿ ಆಕಾರವನ್ನು ನಂಬುವಂತಿಲ್ಲ. ಒಂಟಿ ಸುತ್ತೊಂದೇ ಇದ್ದು ಸುತ್ತಮುತ್ತ ಬೇರೆ ಅಂಕಿಯೇ ಇಲ್ಲದಿದ್ದರೆ ಊಹಿಸಬೇಡಿ, [೦/0] ಎಂದು ಎರಡನ್ನೂ ಬರೆದಿಡಿ. ಓದಲಾಗದ ಅಂಕಿಗೆ [?], ೬ ಅಥವಾ ೯ ಎಂಬ ಸಂಶಯಕ್ಕೆ [೬/೯]. ಪೇಂಟರು ತಾನೇ ಒಂದೇ ಸಂಖ್ಯೆಯಲ್ಲಿ ಎರಡು ಲಿಪಿ ಬೆರೆಸಿ ‘೧9೮೪’ ಎಂದು ಬರೆದಿದ್ದರೆ ನಕಲಿನಲ್ಲೂ ೧9೮೪ ಎಂದೇ ಇರಬೇಕು. ಟಿಪ್ಪಣಿಯ ಜಾಗದಲ್ಲಿ ‘ಮೂಲದಲ್ಲೇ ಹೀಗಿದೆ’ ಎಂದು ಬರೆದರೆ ಮುಂದೆ ಯಾರೂ ಅದನ್ನು ನಿಮ್ಮ ತಪ್ಪೆಂದು ತಿದ್ದುವುದಿಲ್ಲ.

ಹಳೆಯ ಕೈಬರಹದ ಲೆಕ್ಕಗಳಲ್ಲಿ ಇನ್ನೊಂದು ಹಳ್ಳವಿದೆ, ಅದರಲ್ಲಿ ಬೀಳದವರು ಕಡಿಮೆ. ಕಾಲು, ಅರ್ಧ, ಮುಕ್ಕಾಲನ್ನು ನಮ್ಮ ಹಿರಿಯರು ಗೆರೆಗಳಿಂದ ಬರೆಯುತ್ತಿದ್ದರು. ಅಂಕಿಯ ಪಕ್ಕ ಒಂದು ನಿಂತ ಗೆರೆ ಎಂದರೆ ಕಾಲು, ಎರಡು ಗೆರೆ ಎಂದರೆ ಅರ್ಧ, ಮೂರು ಎಂದರೆ ಮುಕ್ಕಾಲು. ಇಂಗ್ಲಿಷ್ ಅಂಕಿಗೆ ಪಳಗಿದ ಕಣ್ಣಿಗೆ ಈ ಗೆರೆ 1 ಎಂದೇ ಕಾಣುವುದು ಸಹಜ. ಹಳೆಯ ದಫ್ತರ ಬಿಚ್ಚಿ ಕೂತ ಮನೆಗಳಲ್ಲಿ ಇಂಥ ಮಾತು ನಡೆಯುತ್ತದೆ:

“ಕಾಕಾ, ಇದು ಮೂವತ್ತೊಂದ ಅಲ್ಲೇನ್ರಿ?”

“ಅಲ್ಲೋ ತಮ್ಮಾ, ಅದು ಮೂರೂಕಾಲ. ಆ ಗೆರಿ ನೋಡು, ಒಂದರ ಹಂಗ ಬಾಗೇದೇನು? ನೆಟ್ಟಗ ನಿಂತೇತಿ.”

ಕಾಕಾ ಹೇಳಿದ ಪರೀಕ್ಷೆಯೇ ಸರಿಯಾದ ಪರೀಕ್ಷೆ. ಕನ್ನಡದ ೧ ದುಂಡಗಿರುತ್ತದೆ, ಅದು ಎಂದೂ ನೆಟ್ಟಗಿನ ಗೆರೆಯಾಗದು. ಕನ್ನಡ ಅಂಕಿಯ ಪಕ್ಕದಲ್ಲಿ ನೆಟ್ಟಗಿನ ಗೆರೆ ಕಂಡಾಗಲೆಲ್ಲ ಅದು ಕಾಲಿನ ಗುರುತೇ ಎಂದು ಮೊದಲು ಕೇಳಿಕೊಳ್ಳಿ. ಯುನಿಕೋಡಿನಲ್ಲಿ ಈ ಗುರುತುಗಳಿಗೆ ತಮ್ಮದೇ ಸ್ಥಾನಗಳಿವೆ: ಕಾಲಿಗೆ U+A830, ಅರ್ಧಕ್ಕೆ U+A831, ಮುಕ್ಕಾಲಿಗೆ U+A832. ಅನೇಕ ಫೋನುಗಳಲ್ಲಿ ಇವನ್ನು ತೋರಿಸುವ ಫಾಂಟು ಇಲ್ಲದ್ದರಿಂದ ಬಹಳ ಜನ ೩।, ೩॥ ಎಂದು ದಂಡದಿಂದಲೇ ಕೆಲಸ ಸಾಗಿಸುತ್ತಾರೆ. ಇದರಲ್ಲಿ ಯಾವ ದಾರಿಯನ್ನಾದರೂ ಹಿಡಿಯಿರಿ, ಆದರೆ ಕಡತದ ಮೊದಲಲ್ಲೇ ಅದನ್ನು ಬರೆದಿಡಿ. ಇಂಗ್ಲಿಷಿನ 1 ಮಾತ್ರ ಬೇಡ. ಬೆಳಗಾವಿ ಸೀಮೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಕೆಲವು ಕಾಗದಗಳು ಮೋಡಿ ಲಿಪಿಯಲ್ಲಿವೆ. ಅವುಗಳ ಅಂಕಿ ನಾಗರಿಯದರಂತೆ ಕಾಣುತ್ತದೆ. ಮೋಡಿ ಬಲ್ಲವರ ನೆರವಿಲ್ಲದೆ ಅವುಗಳಿಗೆ ಕೈಹಾಕದಿರುವುದೇ ಒಳ್ಳೆಯದು.

ಈಗ ಒಂದು ಉತಾರವನ್ನು ಪೂರ್ತಿಯಾಗಿ ಇಳಿಸೋಣ. ಇಲ್ಲಿನ ಸಂಖ್ಯೆಗಳನ್ನು ಉದಾಹರಣೆಗೆಂದು ನಾನೇ ಕಟ್ಟಿದ್ದೇನೆ, ಯಾರ ಹೊಲದವೂ ಅಲ್ಲ. ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಸರ್ವೆ ನಂಬರು ೪೭, ಒಟ್ಟು ಕ್ಷೇತ್ರ ೧೦–೧೫ ಎಂದಿದೆ, ಅಂದರೆ ಹತ್ತು ಎಕರೆ ಹದಿನೈದು ಗುಂಟೆ. ಅದರ ಕೆಳಗೆ ಹಿಸ್ಸಾ ೧ಕ್ಕೆ ೩–೨೫. ಹಿಸ್ಸಾ ೨ರ ಮೊದಲ ಅಂಕಿ ಮಸುಕಾಗಿದೆ, ೬–೩೦ ಇರಬಹುದು, ೯–೩೦ ಇರಬಹುದು. ಅಂಚಿನಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ‘47/2 ಪೈಕಿ 2–00’ ಎಂದು ಬರೆದಿದೆ.

ಮೊದಲು ಕೈಗಳನ್ನು ಬೇರ್ಪಡಿಸಬೇಕು. ಕಪ್ಪು ಶಾಯಿಯ ಬರಹ ಒಂದನೆಯ ಕೈ, ನೀಲಿ ಬರಹ ಎರಡನೆಯ ಕೈ. ಆಮೇಲೆ ಮಸುಕಾದ ಅಂಕಿ. ಎಕರೆಗೆ ನಲವತ್ತು ಗುಂಟೆ. ೩–೨೫ ಮತ್ತು ೬–೩೦ ಕೂಡಿದರೆ ಒಂಬತ್ತು ಎಕರೆ ಐವತ್ತೈದು ಗುಂಟೆ, ಅಂದರೆ ಹತ್ತು ಎಕರೆ ಹದಿನೈದು ಗುಂಟೆ. ಮೇಲಿನ ಒಟ್ಟಿಗೆ ಸರಿಹೊಂದಿತು. ೯–೩೦ ಎಂದು ಓದಿದರೆ ಮೊತ್ತ ಹದಿಮೂರು ಎಕರೆ ಹದಿನೈದು ಗುಂಟೆಯಾಗಿ ಒಟ್ಟನ್ನು ಮೀರುತ್ತದೆ. ಆದ್ದರಿಂದ ಅದು ೬. ನಕಲಿನಲ್ಲಿ ೬–೩೦ ಎಂದು ಬರೆದು, ಟಿಪ್ಪಣಿಯಲ್ಲಿ ‘೬ ಮಸುಕು, ಮೊತ್ತದಿಂದ ನಿಶ್ಚಯಿಸಿದ್ದು’ ಎಂದು ಸೇರಿಸುತ್ತೇನೆ. ಗುಂಟೆಯ ಜಾಗದಲ್ಲಿ ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೂ ಓದಿನಲ್ಲಿ ಏನೋ ತಪ್ಪಿದೆ ಎಂದೇ ಅರ್ಥ. ಆಣೆಯ ಜಾಗದಲ್ಲಿ ಹದಿನಾರು ಬಂದರೂ ಹಾಗೆಯೇ, ಗುಂಟೆಗೆ ಹದಿನಾರು ಆಣೆ.

ಈ ಪರೀಕ್ಷೆಗೂ ಮಿತಿ ಇದೆ. ಪೋಟ್ ಖರಾಬನ್ನು ಒಟ್ಟಿನಲ್ಲಿ ಸೇರಿಸಿ ಹಿಸ್ಸೆಗಳಲ್ಲಿ ಬಿಟ್ಟಿದ್ದರೆ ಮೊತ್ತ ಹೊಂದುವುದಿಲ್ಲ. ಬರೆದವರೇ ಕೂಡಿಸುವಾಗ ತಪ್ಪಿರಲೂಬಹುದು. ಅಂಕಿ ಸ್ಪಷ್ಟವಾಗಿ ೯ ಎಂದು ಕಾಣುತ್ತಿದ್ದು ಮೊತ್ತಕ್ಕೆ ಮಾತ್ರ ಹೊಂದದಿದ್ದರೆ ೯ ಎಂದೇ ಬರೆದು, ಹೊಂದುವುದಿಲ್ಲ ಎಂಬುದನ್ನು ಟಿಪ್ಪಣಿಯಲ್ಲಿ ಹೇಳಬೇಕು. ಲೆಕ್ಕ ಮಸುಕಾದ ಅಂಕಿಗೆ ದಾರಿ ತೋರಬಹುದು, ಸ್ಪಷ್ಟವಾದ ಅಂಕಿಯನ್ನು ತಿದ್ದಬಾರದು. ನೀಲಿ ಟಿಪ್ಪಣಿ ‘47/2 ಪೈಕಿ 2–00’ ಎಂದೇ ಉಳಿಯುತ್ತದೆ. ಅದನ್ನು ‘೪೭/೨’ ಮಾಡಿದರೆ ಅದು ಮೊದಲ ತಲಾಠಿಯ ಬರಹವೆಂದು ಮುಂದಿನ ಓದುಗ ತಿಳಿಯುತ್ತಾನೆ. ಹಿಸ್ಸೆಯ ವ್ಯಾಜ್ಯ ನಡೆಯುತ್ತಿರುವ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಟೈಪ್ ಮಾಡಿದ ನಕಲು ಮನೆಯ ಬಳಕೆಗಷ್ಟೇ, ಕಚೇರಿಗೆ ಬೇಕಾದದ್ದು ದೃಢೀಕೃತ ಪ್ರತಿ ಎಂಬುದೂ ನೆನಪಿರಲಿ.

ಇದನ್ನೆಲ್ಲ ಗೂಗಲ್ ಶೀಟಿನಲ್ಲೋ ಎಕ್ಸೆಲ್ಲಿನಲ್ಲೋ ಇಡುವುದಾದರೆ ಐದು ಕಂಬಸಾಲು ಸಾಕು: ಫೋಟೊದ ಹೆಸರು, ಸಾಲು, ಇದ್ದಂತೆ ನಕಲು, ಬೆಲೆ, ಟಿಪ್ಪಣಿ. ಟೈಪ್ ಮಾಡುವ ಮೊದಲೇ ನಕಲಿನ ಕಂಬಸಾಲನ್ನು ಆರಿಸಿ ಅದರ ಬಗೆಯನ್ನು Plain text (ಎಕ್ಸೆಲ್ಲಿನಲ್ಲಿ Text) ಎಂದು ಬದಲಿಸಿ. ಹಾಗೆ ಮಾಡದಿದ್ದರೆ ಇಂಗ್ಲಿಷ್ ಅಂಕಿಯ 10-15 ಎಂಬುದನ್ನು ಶೀಟು ತಾರೀಖೆಂದು ತಿಳಿದು ಬದಲಿಸಿಬಿಡಬಹುದು. ೧೦-೧೫ಕ್ಕೆ ಆ ಗತಿ ಬರುವುದಿಲ್ಲ, ಹಾಗಾಗಿ ಮಿಶ್ರ ಹಾಳೆಯಲ್ಲಿ ಕೆಲವು ಸಾಲು ಕೆಟ್ಟು ಕೆಲವು ಉಳಿದು ತಲೆ ತಿನ್ನುತ್ತದೆ.

ಟೈಪ್ ಮುಗಿದ ಮೇಲೆ ಗೂಗಲ್ ಶೀಟಿನಲ್ಲಿ ಎರಡು ಸೂತ್ರ ಓಡಿಸಿ. ನಕಲು C ಕಂಬಸಾಲಿನಲ್ಲಿದೆ ಎಂದುಕೊಳ್ಳೋಣ. ಮೊದಲನೆಯದು ಒಂದೇ ಕೋಶದಲ್ಲಿ ಎರಡೂ ಲಿಪಿಯ ಅಂಕಿ ಇರುವ ಸಾಲುಗಳಿಗೆ TRUE ತೋರಿಸುತ್ತದೆ, ಎರಡನೆಯದು ಅಂಕಿಯಾದ ಕೂಡಲೇ ಅನುಸ್ವಾರ ಅಥವಾ ಇಂಗ್ಲಿಷಿನ o ಬಂದ ಸಾಲುಗಳಿಗೆ.

```
=AND(REGEXMATCH(C2,"[0-9]"),REGEXMATCH(C2,"[೦-೯]"))
=REGEXMATCH(C2,"[0-9೦-೯][ಂoO]")
```

TRUE ಬಂದ ಮಾತ್ರಕ್ಕೆ ತಪ್ಪೆಂದಲ್ಲ, ಫೋಟೊವನ್ನು ಇನ್ನೊಮ್ಮೆ ನೋಡಬೇಕೆಂದು ಅರ್ಥ. ಎರಡನೆಯ ಸೂತ್ರದಲ್ಲಿ ಅನುಸ್ವಾರವನ್ನು ಅಂಕಿಯ ನಂತರ ಮಾತ್ರ ಹುಡುಕುವುದಕ್ಕೆ ಕಾರಣವಿದೆ. ‘ಸ.ನಂ೪೭’ ಎಂದು ನಡುವೆ ಜಾಗ ಬಿಡದೆ ಬರೆಯುವವರು ಬಹಳ, ಅಲ್ಲಿ ಅಂಕಿಗಿಂತ ಮೊದಲು ಬರುವ ಅನುಸ್ವಾರ ‘ನಂ’ಗೆ ಸೇರಿದ್ದು, ಸರಿಯಾದದ್ದೇ.

ಬೆಲೆಯ ಕಂಬಸಾಲನ್ನು ಕೈಯಿಂದ ತುಂಬಬಹುದು. ಸಾಲು ನೂರಾರು ಇದ್ದರೆ ಪೈಥಾನಿನ ಈ ಒಂದು ಸಾಲು ಸಾಕು:

```
bele = nakalu.translate(str.maketrans("೦೧೨೩೪೫೬೭೮೯", "0123456789"))
```

ಇದನ್ನು ಬೆಲೆಯ ಕಂಬಸಾಲಿಗೆ ಮಾತ್ರ ಬಳಸಿ. ಎಲ್ಲವನ್ನೂ ಒಂದೇ ಲಿಪಿಗೆ ತರುವ ‘ಹುಡುಕಿ ಬದಲಿಸು’ ಆಜ್ಞೆಯನ್ನು ನಕಲಿನ ಕಂಬಸಾಲಿನ ಮೇಲೆ ಎಂದೂ ಓಡಿಸಬೇಡಿ. ಒಮ್ಮೆ ಬದಲಾದ ಮೇಲೆ ಯಾವ 5 ಮೂಲದಲ್ಲಿ ೫ ಆಗಿತ್ತು ಎಂಬುದನ್ನು ಯಾವ ಆಜ್ಞೆಯೂ ಹೇಳಲಾರದು. ಕಂಪ್ಯೂಟರಿಗೆ 1984 ಮತ್ತು ೧೯೮೪ ಬೇರೆ ಬೇರೆ ಅಕ್ಷರಗಳ ಸಾಲುಗಳು, ಹಾಗಾಗಿ ಬೆಲೆಯ ಕಂಬಸಾಲಿಲ್ಲದೆ ಹುಡುಕಾಟವೂ ಸಾಗದು. ಇಸವಿವಾರು ಜೋಡಿಸಹೋದರೆ ಇಂಗ್ಲಿಷ್ ಅಂಕಿಯವೆಲ್ಲ ಒಂದು ಕಡೆ, ಕನ್ನಡದವೆಲ್ಲ ಇನ್ನೊಂದು ಕಡೆ ನಿಲ್ಲುತ್ತವೆ.

ಕನ್ನಡ ಅಂಕಿ ಒತ್ತುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ವಿಂಡೋಸಿನ ಇನ್‌ಸ್ಕ್ರಿಪ್ಟ್ ಕನ್ನಡ ಕೀಲಿಮಣೆಯಲ್ಲಿ ಬಲಗಡೆಯ Alt ಹಿಡಿದು ಅಂಕಿ ಒತ್ತಿದರೆ ಕನ್ನಡ ಅಂಕಿ ಬರುತ್ತದೆ. ಮೊಬೈಲಿನ ಅನೇಕ ಕೀಲಿಮಣೆಗಳಲ್ಲಿ ಅಂಕಿಯನ್ನು ಒತ್ತಿ ಹಿಡಿದರೆ ಸಿಗುತ್ತದೆ. ಯಾವುದೂ ಕೈಗೆ ಹತ್ತದಿದ್ದರೆ ೦೧೨೩೪೫೬೭೮೯ ಎಂಬ ಸಾಲೊಂದನ್ನು ಟಿಪ್ಪಣಿಯಲ್ಲಿ ಉಳಿಸಿಕೊಂಡು ಅಲ್ಲಿಂದ ನಕಲಿಸಿ ಅಂಟಿಸಿ.

ಡಿಟಿಪಿ ಮಾಡುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಹಳೆಯ ನುಡಿ ಫಾಂಟುಗಳ ಹೆಸರಿನ ಕೊನೆಯಲ್ಲಿ e ಅಥವಾ k ಎಂದಿರುವುದನ್ನು ನೀವು ಬಲ್ಲಿರಿ: Nudi 01 e, Nudi 01 k. e ಇದ್ದರೆ ಇಂಗ್ಲಿಷ್ ಅಂಕಿ, k ಇದ್ದರೆ ಕನ್ನಡ ಅಂಕಿ. ಕಡತದೊಳಗೆ ಎರಡಕ್ಕೂ ಇರುವುದು ಒಂದೇ ಸಂಕೇತ, ಲಿಪಿಯನ್ನು ನಿರ್ಧರಿಸುವುದು ಫಾಂಟು ಮಾತ್ರ. ಜಾತ್ರೆಯ ಕರಪತ್ರದ ಹಳೆಯ ಕಡತ ನಿಮ್ಮ ಬಳಿ ಇದ್ದು ಅದನ್ನು ಯುನಿಕೋಡಿಗೆ ಪರಿವರ್ತಿಸಿದರೆ, ಅಚ್ಚಾದ ಕರಪತ್ರದಲ್ಲಿ ಯಾವ ಅಂಕಿ ಇತ್ತು ಎಂಬುದು ಪರಿವರ್ತಿತ ಪಠ್ಯದಿಂದ ಖಚಿತವಾಗುವುದಿಲ್ಲ. ಅಚ್ಚಾದ ಪ್ರತಿಯ ಫೋಟೊ ಇದ್ದರೆ ಅದನ್ನೇ ಪ್ರಮಾಣವೆಂದು ತೆಗೆದುಕೊಳ್ಳಿ.

ಫೋಟೊ ತೆಗೆಯುವಾಗಲೇ ಅರ್ಧ ಕೆಲಸ ಮುಗಿಸಬಹುದು. ಕೆತ್ತಿದ ಕಲ್ಲಿಗೆ ಮಧ್ಯಾಹ್ನದ ನೆತ್ತಿಯ ಬಿಸಿಲು ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕೆತ್ತನೆಯ ಒಳಗೆ ನೆರಳು ಬೀಳುತ್ತದೆ, ೧ರ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಆಗ ಸ್ಪಷ್ಟವಾಗುತ್ತದೆ. ಬಿಸಿಲು ಬೀಳದ ಗರ್ಭಗುಡಿಯ ಪಕ್ಕದ ಗೋಡೆಯಾದರೆ ಇನ್ನೊಬ್ಬರು ಬದಿಯಿಂದ ಟಾರ್ಚು ಹಿಡಿಯಲಿ. ಫೋನಿನ ಫ್ಲಾಶ್ ನೇರವಾಗಿ ಬಿದ್ದು ಕೆತ್ತನೆಯನ್ನು ಸಪಾಟು ಮಾಡುತ್ತದೆ. ಕಲ್ಲಿಗೆ ಸುಣ್ಣ, ಸೀಮೆಸುಣ್ಣ ತುಂಬಬೇಡಿ, ನಿಮ್ಮ ಕೈ ಹೋದಂತೆ ಅಂಕಿಯ ಆಕಾರ ಬದಲಾಗುತ್ತದೆ, ಕಲ್ಲಿಗೂ ಕೇಡು. ಇಡೀ ಫಲಕದ್ದೊಂದು, ಸಂಖ್ಯೆಗಳಿರುವ ಪ್ರತಿ ಭಾಗದ ಹತ್ತಿರದ್ದೊಂದು ಹೀಗೆ ತೆಗೆಯಿರಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಫೋಟೊವಾಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಅಂಕಿಗಳ ಅಂಚು ಮೊದಲು ಹೋಗುತ್ತದೆ. Document ಎಂದು ಲಗತ್ತಿಸಿ ಕಳಿಸಿ. ಬೋರ್ಡಿನಲ್ಲಿ ಯಾರದಾದರೂ ಫೋನ್ ನಂಬರಿದ್ದರೆ ಬೇರೆಯವರಿಗೆ ಕೊಡುವ ನಕಲಿನಲ್ಲಿ ಅದನ್ನು ಬಿಟ್ಟು ‘[ದೂರವಾಣಿ, ಕನ್ನಡ ಅಂಕಿ]’ ಎಂದು ಬರೆದರೆ ಸಾಕು, ಲಿಪಿಯ ಮಾಹಿತಿ ಉಳಿಯುತ್ತದೆ, ಅವರ ಖಾಸಗಿತನವೂ ಉಳಿಯುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಗುಡಿ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ದೇಣಿಗೆ ಕಲ್ಲುಗಳ ಜಾಗಕ್ಕೆ ಗ್ರಾನೈಟ್ ಬರುತ್ತಿದೆ, ಹೊಸ ಕಲ್ಲಿನಲ್ಲಿ ಹಳೆಯ ಮೊತ್ತಗಳನ್ನೇ ಇಂಗ್ಲಿಷ್ ಅಂಕಿಯಲ್ಲಿ ಕೆತ್ತಿಸುವುದುಂಟು. ನಿಮ್ಮೂರಲ್ಲಿ ಅಂಥ ಕೆಲಸ ನಡೆಯುವುದಿದ್ದರೆ ಹಳೆಯ ಕಲ್ಲು ತೆಗೆಯುವ ಮೊದಲು ಹೋಗಿ ಓರೆ ಬೆಳಕಿನಲ್ಲಿ ಅದರ ಫೋಟೊ ತೆಗೆಯಿರಿ. ನಕಲನ್ನು ಅಂಕಿಗೆ ಅಂಕಿ ಇದ್ದಂತೆ ಇಳಿಸಿ. ನಕಲು ಮುಗಿಯಿತೆಂದು ಮೂಲ ಫೋಟೊ ಅಳಿಸಬೇಡಿ. ಎರಡಕ್ಕೂ ಒಂದೇ ಹೆಸರಿಟ್ಟು ಜೊತೆಯಲ್ಲೇ ಇಡಿ.